ಬೆಕ್ಕಿನ ಗದ್ದದ ಕಪ್ಪು ಚುಕ್ಕೆ: ತಪ್ಪು ಡಬ್ಬದ್ದೇ?

ಪ್ರಶ್ನೆ: ನಮ್ಮದು ಧರ್ಮಪುರಿ ಜಿಲ್ಲೆಯ ಪಾಲಕ್ಕೋಡು. ಮನೆಯ ಎರಡು ವರ್ಷದ ಹೆಣ್ಣು ಬೆಕ್ಕಿನ ಗದ್ದದ ಮೇಲೆ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆಗಳಾಗಿವೆ. ಎಷ್ಟು ಒರೆಸಿದರೂ ಹೋಗುತ್ತಿಲ್ಲ. ಅದಕ್ಕೆ ಹಾಲು, ಮೀನುಸಾರಿನ ಅನ್ನ ಹಾಕುವುದು ಹಳೆಯ ಐಸ್‌ಕ್ರೀಂ ಡಬ್ಬದಲ್ಲಿ. ಸೇಲಂನಲ್ಲಿರುವ ನಮ್ಮ ನಾದಿನಿ, ‘ಪ್ಲಾಸ್ಟಿಕ್ ಡಬ್ಬದಿಂದಲೇ ಹೀಗಾಗಿದೆ, ಮೊದಲು ಅದನ್ನು ಎಸೆಯಿರಿ ಅತ್ತಿಗೆ’ ಎನ್ನುತ್ತಾಳೆ. ಅತ್ತೆಯವರು ಚಿಗಟದ ಕೊಳೆ ಅನ್ನುತ್ತಾರೆ. ಯಾರದು ಸರಿ? ಮಕ್ಕಳಿಗೆ ಅಂಟುತ್ತದೆಯೇ?

ಉತ್ತರ: ಅತ್ತೆಯವರ ಮಾತನ್ನು ಮೊದಲು ಪರೀಕ್ಷಿಸೋಣ, ಅದು ಸುಲಭ. ಬಿಳಿ ಹತ್ತಿಯನ್ನು ಒದ್ದೆ ಮಾಡಿ ಚುಕ್ಕೆಗಳ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಚಿಗಟದ ಹಿಕ್ಕೆಯೆಂದರೆ ಅದು ಕುಡಿದು ಜೀರ್ಣಿಸಿಕೊಂಡ ರಕ್ತವೇ. ನೀರು ತಾಕಿದರೆ ಹತ್ತಿಯಲ್ಲಿ ಕೆಂಪುಮಿಶ್ರಿತ ಕಂದು ಬಣ್ಣ ಬಿಡುತ್ತದೆ. ಬಣ್ಣ ಬಿಡದೆ ಚುಕ್ಕೆಗಳು ಕೂದಲ ಬುಡದಲ್ಲೇ ಕಚ್ಚಿಕೊಂಡಿದ್ದರೆ ಅದು ಬೆಕ್ಕಿನ ಗದ್ದದ ಮೊಡವೆ. ಒರೆಸಿದರೂ ಹೋಗುತ್ತಿಲ್ಲ ಎಂದು ನೀವು ಬರೆದಿರುವುದನ್ನು ನೋಡಿದರೆ ನನ್ನ ಊಹೆಯೂ ಅದೇ.

ಮೊಡವೆ ಗದ್ದದಲ್ಲೇ ಏಕೆ? ಬೆಕ್ಕು ಬಾಗಿಲ ಚೌಕಟ್ಟಿಗೆ, ಕುರ್ಚಿಯ ಕಾಲಿಗೆ, ನಿಮ್ಮ ಮೊಣಕಾಲಿಗೆ ಗದ್ದ ಉಜ್ಜುವುದನ್ನು ನೋಡಿರುತ್ತೀರಿ. ಅದು ತನ್ನ ವಾಸನೆಯ ಗುರುತು ಹಾಕುವ ರೀತಿ. ಅದಕ್ಕೆಂದೇ ಗದ್ದದ ಚರ್ಮದಲ್ಲಿ ಎಣ್ಣೆ ಒಸರುವ ಗ್ರಂಥಿಗಳು ದಟ್ಟವಾಗಿವೆ. ಅಲ್ಲಿನ ಕೂದಲ ಬೇರಿನ ಗೂಡುಗಳಲ್ಲಿ ಸತ್ತ ಚರ್ಮದ ಪದರ ಸರಿಯಾಗಿ ಉದುರದೆ ಈ ಎಣ್ಣೆಯ ಜೊತೆ ಸೇರಿ ಬೆಣೆಯಂತೆ ಕೂತುಬಿಡುತ್ತದೆ. ಬಾಯಿ ತೆರೆದ ಗೂಡಿನಲ್ಲಿ ಆ ಬೆಣೆ ಗಾಳಿಗೆ ಕಪ್ಪಾಗುತ್ತದೆ, ನಮ್ಮ ಮೂಗಿನ ಮೇಲಿನ ಬ್ಲ್ಯಾಕ್‌ಹೆಡ್ ಆಗುವುದೂ ಹೀಗೆಯೇ. ಅದು ಹೊರಗಿನಿಂದ ಮೆತ್ತಿದ ಕೊಳೆಯಲ್ಲ, ಆದ್ದರಿಂದ ತಿಕ್ಕಿದರೆ ಹೋಗುವುದಿಲ್ಲ. ಜೊತೆಗೆ, ಮೈಯೆಲ್ಲ ನೆಕ್ಕಿಕೊಳ್ಳುವ ಬೆಕ್ಕಿನ ನಾಲಿಗೆಗೆ ಸರಿಯಾಗಿ ಎಟುಕದ ಜಾಗಗಳಲ್ಲಿ ಗದ್ದವೂ ಒಂದು. ಮನುಷ್ಯರ ಹಾಗೆ ಇದು ಹರೆಯದ ಕಾಯಿಲೆಯೂ ಅಲ್ಲ, ಯಾವ ವಯಸ್ಸಿನಲ್ಲೂ ಬರುತ್ತದೆ.

ಇನ್ನು ನಾದಿನಿಯ ದೂರು. ಅವರು ಹೇಳುವುದನ್ನು ಪಶುವೈದ್ಯರೂ ಹೇಳುತ್ತಾರೆ, ಆದರೆ ಅಷ್ಟು ಖಚಿತವಾಗಿ ಅಲ್ಲ. ಪ್ಲಾಸ್ಟಿಕ್ಕಿನ ಮೇಲೆ ಎರಡು ಅನುಮಾನಗಳಿವೆ. ಮೊದಲನೆಯದು ಗೀರು: ಹಲ್ಲು ತಾಗಿ, ತಂತಿಜಾಲದಿಂದ ತಿಕ್ಕಿ ಡಬ್ಬದ ಒಳಮೈ ತುಂಬ ಸಣ್ಣ ಗೀರುಗಳಾಗುತ್ತವೆ. ಮೀನುಸಾರಿನ ಜಿಡ್ಡು ಅದರೊಳಗೆ ಇಳಿದರೆ ಸೋಪು ಹಾಕಿದರೂ ಪೂರ್ತಿ ಬರುವುದಿಲ್ಲ. ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಪ್ರತಿ ಊಟದಲ್ಲೂ ಗದ್ದ ಅದಕ್ಕೆ ಉಜ್ಜುತ್ತದೆ. ಎರಡನೆಯದು, ಕೆಲವು ಬೆಕ್ಕುಗಳ ಚರ್ಮಕ್ಕೆ ಪ್ಲಾಸ್ಟಿಕ್ಕಿನ ಸ್ಪರ್ಶವೇ ಒಗ್ಗದಿರಬಹುದು ಎಂಬುದು. ಎರಡೂ ನಂಬುವಂಥ ಮಾತುಗಳೇ, ಆದರೆ ಗಟ್ಟಿಯಾಗಿ ಸಾಬೀತಾದವಲ್ಲ. ಪ್ಲಾಸ್ಟಿಕ್ಕಿನಲ್ಲೇ ತಿಂದು ನುಣುಪು ಗದ್ದ ಉಳಿಸಿಕೊಂಡ ಬೆಕ್ಕುಗಳು ಬೇಕಾದಷ್ಟಿವೆ, ಸ್ಟೀಲ್ ತಟ್ಟೆಯಲ್ಲಿ ತಿಂದೂ ಮೊಡವೆ ಬಂದವೂ ಇವೆ. ಹಾಗಿದ್ದೂ ಡಬ್ಬ ಎಸೆಯಿರಿ ಎಂದೇ ನಾನು ಹೇಳುವುದು. ಖರ್ಚಿಲ್ಲದ, ಬೆಕ್ಕಿಗೆ ಯಾವ ಅಪಾಯವೂ ಇಲ್ಲದ ಚಿಕಿತ್ಸೆ ಅದು.

ಬದಲಿಗೆ ಏನಿಡಬೇಕು? ಸ್ಟೇನ್‌ಲೆಸ್ ಸ್ಟೀಲಿಗೆ ನಿಮ್ಮ ಕಡೆ ಬರವೇ? ಸೇಲಂ ಉಕ್ಕಿನ ಕಾರ್ಖಾನೆ 1981ರಿಂದ ಅದರ ಹಾಳೆ ತಯಾರಿಸುತ್ತಿದೆ. ಅಟ್ಟದ ಮೇಲಿರುವ ಯಾವುದಾದರೂ ಹಳೆಯ ತಿಂಡಿ ತಟ್ಟೆ ಸಾಕು. ಅಂಚು ತಗ್ಗಾಗಿರಲಿ. ಆಳವಾದ ಬಟ್ಟಲಾದರೆ ಗದ್ದ ಸಾರಿನಲ್ಲಿ ಅದ್ದುತ್ತದೆ, ಅಂಚಿಗೂ ಉಜ್ಜುತ್ತದೆ. ಗಾಜು ಅಥವಾ ಹೊಳಪು ಲೇಪದ ಪಿಂಗಾಣಿಯೂ ಆಗುತ್ತದೆ, ಚಕ್ಕೆ ಎದ್ದಿರಬಾರದು ಅಷ್ಟೆ. ಲೇಪವಿಲ್ಲದ ಮಣ್ಣಿನ ಬಟ್ಟಲು ಚೆಂದವೇನೋ ಹೌದು, ಆದರೆ ಹಾಲನ್ನು ಹೀರಿಕೊಳ್ಳುತ್ತದೆ, ಊಟಕ್ಕೆ ಬೇಡ.

ಪಾತ್ರೆ ಬದಲಾಯಿಸಿ ತೊಳೆಯುವ ಅಭ್ಯಾಸ ಬದಲಾಯಿಸದಿದ್ದರೆ ಉಪಯೋಗವಿಲ್ಲ. ಬೆಕ್ಕಿನ ತಟ್ಟೆಯನ್ನು ನೀರಲ್ಲಿ ಅಲ್ಲಾಡಿಸಿ ಮತ್ತೆ ಇಡುವುದೇ ಹೆಚ್ಚಿನ ಮನೆಗಳ ಪದ್ಧತಿ. ದಿನಕ್ಕೊಮ್ಮೆಯಾದರೂ ಪಾತ್ರೆ ಸೋಪು, ಮೆತ್ತನೆಯ ಸ್ಪಾಂಜು ಹಾಕಿ ತೊಳೆದು, ಬಿಸಿನೀರಲ್ಲಿ ಜಾಲಿಸಿ ಒಣಗಿಸಿ. ಎರಡು ತಟ್ಟೆಗಳಿದ್ದರೆ ಒಂದು ಒಣಗುವಾಗ ಇನ್ನೊಂದು ಕೆಲಸಕ್ಕೆ ಬರುತ್ತದೆ. ನೀರಿನ ಬಟ್ಟಲನ್ನು ಮರೆಯಬೇಡಿ. ನಿಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಬಟ್ಟಲ ಅಂಚಿಗೆ ಬಿಳಿ ಪರೆ ಕಟ್ಟುತ್ತದೆ. ಆ ಒರಟಿನ ಮೇಲೆ ಲೋಳೆ ಹಿಡಿದುಕೊಳ್ಳುತ್ತದೆ. ವಾರಕ್ಕೊಮ್ಮೆ ಹುಣಸೆಹಣ್ಣು ಅಥವಾ ನಿಂಬೆಹೋಳಿನಿಂದ ಉಜ್ಜಿದರೆ ಪರೆ ಬಿಡುತ್ತದೆ. (ಧರ್ಮಪುರಿಯ ನೀರೆಂದರೆ ಫ್ಲೋರೈಡ್ ನೆನಪಾಗುತ್ತದೆ. ಅದು ಹಲ್ಲು, ಮೂಳೆಗಳ ತೊಂದರೆ. ಮೊಡವೆಗೆ ಅದನ್ನು ಹೊಣೆ ಮಾಡಬೇಡಿ.)

ಗದ್ದಕ್ಕೆ ಇಷ್ಟು ಮಾಡಿ. ಉಗುರುಬೆಚ್ಚಗಿನ ನೀರಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಹಿಂಡಿ, ಬೆಕ್ಕು ಒಪ್ಪಿದಷ್ಟು ಹೊತ್ತು, ಎರಡು ಮೂರು ನಿಮಿಷ, ಗದ್ದಕ್ಕೆ ಹಿಡಿಯಿರಿ. ಬೆಣೆ ಮೆದುವಾಗುತ್ತದೆ. ಕೂದಲು ಬೆಳೆದ ದಿಕ್ಕಿನಲ್ಲೇ ಹಗುರವಾಗಿ ಒರೆಸಿ, ಒಣಗಿಸಿ. ದಿನಕ್ಕೊಮ್ಮೆ ಸಾಕು. ಎದುರಿಗೆ ಕಾಣುವ ಚುಕ್ಕೆಯನ್ನು ಉಗುರಿನಿಂದ ಚಿವುಟಬೇಕು ಅನಿಸುತ್ತದೆ, ಚಿವುಟಬೇಡಿ. ಒತ್ತಿದಾಗ ಗೂಡು ಒಳಮುಖವಾಗಿ ಒಡೆದರೆ, ಕಪ್ಪು ಚುಕ್ಕೆಯಾಗಿದ್ದದ್ದು ಕೀವಿನ ಗಂಟಾಗುತ್ತದೆ.

ಮನೆಯ ಔಷಧಿ ಪೆಟ್ಟಿಗೆಯನ್ನೂ ಮುಚ್ಚಿಡಿ. ನೀರಿಗೆ ಹಾಕಿದರೆ ಬೆಳ್ಳಗಾಗುವ ಆಂಟಿಸೆಪ್ಟಿಕ್ ದ್ರಾವಣಗಳಲ್ಲಿ ಫೀನಾಲ್ ಜಾತಿಯ ವಸ್ತುಗಳಿರುತ್ತವೆ. ಅವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರ ಕಡಿಮೆ. ಟೀ ಟ್ರೀ ಎಣ್ಣೆಯೂ ಬೆಕ್ಕಿಗೆ ವಿಷ. ಮನುಷ್ಯರ ಮೊಡವೆ ಕ್ರೀಮನ್ನು ಹಚ್ಚಿದರೆ ಚರ್ಮ ಉರಿಯುತ್ತದೆ, ಹಚ್ಚಿದ್ದು ಪಂಜದ ಮೂಲಕ ಹೊಟ್ಟೆಗೂ ಹೋಗುತ್ತದೆ. ಚುಕ್ಕೆ ಜಾಸ್ತಿಯಾದರೆ ವೈದ್ಯರು ಕ್ಲೋರ್‌ಹೆಕ್ಸಿಡಿನ್ ಬರೆದುಕೊಡಬಹುದು. ಎಷ್ಟು ನೀರು ಬೆರೆಸಬೇಕೆಂದು ಅವರನ್ನೇ ಕೇಳಿ, ಕಣ್ಣಿಗೆ ತಾಗಿಸಬೇಡಿ.

ಎರಡು ಮೂರು ವಾರ ಕಾಯಿರಿ. ಹೊಸ ಚುಕ್ಕೆ ಮೂಡುವುದು ನಿಂತಿದೆಯೇ ಎಂಬುದನ್ನು ಗಮನಿಸಿ, ಹಳೆಯವು ಮಾಯವಾಗಲು ಇನ್ನೂ ಸಮಯ ಬೇಕಾಗಬಹುದು. ಕೆಲವು ಬೆಕ್ಕುಗಳಲ್ಲಿ ಪೂರ್ತಿ ಹೋಗುವುದೇ ಇಲ್ಲ, ಬಂದು ಹೋಗಿ ಮಾಡುತ್ತಿರುತ್ತದೆ. ಬೆಕ್ಕು ಕೆರೆದುಕೊಳ್ಳದೆ, ಚೆನ್ನಾಗಿ ತಿನ್ನುತ್ತಿದ್ದರೆ ನಾಲ್ಕು ಚುಕ್ಕೆ ಇದ್ದರೂ ಇರಲಿ ಬಿಡಿ. ಅವುಗಳಿಂದ ಬೆಕ್ಕಿಗಿಂತ ನೋಡುವವರಿಗೇ ಕಿರಿಕಿರಿ ಹೆಚ್ಚು.

ಗದ್ದ ಊದಿದರೆ, ಕೆಂಪಾಗಿ ಕೀವು ಅಥವಾ ರಕ್ತ ಒಸರಿದರೆ, ಮುಟ್ಟಲು ಬಿಡದಿದ್ದರೆ, ತಿನ್ನುವುದು ಕಡಿಮೆಯಾದರೆ ಮಾತ್ರ ಮನೆಮದ್ದು ನಿಲ್ಲಿಸಿ ತಾಲೂಕಿನ ಪಶು ಆಸ್ಪತ್ರೆಗೆ ಒಯ್ಯಿರಿ. ಗದ್ದ ಊದಲು ಹಲ್ಲಿನ ಬುಡದ ಕೀವೂ ಕಾರಣವಾಗಬಹುದು, ಅಲರ್ಜಿಯೂ ಇರಬಹುದು. ಕಣ್ಣಿಗೆ ಎಲ್ಲ ಒಂದೇ ತರಹ ಕಾಣುತ್ತವೆ. ವೈದ್ಯರು ಚರ್ಮವನ್ನು ತುಸು ಕೆರೆದು, ಕೀವಿದ್ದರೆ ಗಾಜಿನ ಪಟ್ಟಿಗೆ ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೆಚ್ಚಿನ ಪರೀಕ್ಷೆ ಬೇಕೆಂದರೆ ಸೇಲಂ ಜಿಲ್ಲೆಯ ತಲೈವಾಸಲ್‌ನಲ್ಲಿ ಪಶುವೈದ್ಯ ಕಾಲೇಜಿದೆ.

ಮಕ್ಕಳ ವಿಷಯ: ಮೊಡವೆ ಅಂಟುವುದಿಲ್ಲ, ಮನೆಯ ಬೇರೆ ಬೆಕ್ಕಿಗೂ ಹರಡುವುದಿಲ್ಲ. ಆದರೆ ಗದ್ದದಲ್ಲೋ ಕಿವಿಯ ಬಳಿಯೋ ಕೂದಲು ಉದುರಿ ಬಿಲ್ಲೆಯಾಗಿ, ಹೊಟ್ಟು ಏಳುತ್ತಿದ್ದರೆ ಅದು ಹುಳುಕಡ್ಡಿಯಾಗಿರಬಹುದು. ಅದು ಅಂಟುತ್ತದೆ. ಮಕ್ಕಳ ಕೈ, ಕತ್ತಿನ ಮೇಲೆ ತುರಿಸುವ ದುಂಡನೆಯ ಕೆಂಪು ಗುರುತು ಕಂಡರೆ ಬೆಕ್ಕನ್ನೂ ಮಕ್ಕಳನ್ನೂ ಒಂದೇ ವಾರದಲ್ಲಿ ಅವರವರ ವೈದ್ಯರಿಗೆ ತೋರಿಸಿ.