ಗಲ್ಫ್‌ನಿಂದ ಮರಳಿದವರ ಸಿವಿ: ಕಂಪನಿ ಹೆಸರಿನ ಕೆಳಗೆ ಒಂದು ಸಾಲು ಇರಲಿ

ಭಟ್ಕಳ, ಹೊನ್ನಾವರ, ಕುಮಟಾ ಕಡೆಯಿಂದ ಗಲ್ಫಿಗೆ ಹೋಗಿ ಎಂಟು ಹತ್ತು ವರ್ಷ ದುಡಿದವರು ಊರಿಗೆ ಮರಳಿ ಮಂಗಳೂರು, ಹುಬ್ಬಳ್ಳಿ, ಗೋವಾದ ಕಂಪನಿಗಳಿಗೆ ಸಿವಿ ಕಳಿಸುತ್ತಾರೆ. ಬಹಳ ಸಲ ಉತ್ತರವೇ ಬರುವುದಿಲ್ಲ. ಸಿವಿಯಲ್ಲಿ ‘ಅಲ್’ ಎಂದು ಶುರುವಾಗಿ ‘ಟ್ರೇಡಿಂಗ್ ಆಂಡ್ ಕಾಂಟ್ರಾಕ್ಟಿಂಗ್ ಎಸ್ಟಾಬ್ಲಿಷ್‌ಮೆಂಟ್’ ಎಂದು ಮುಗಿಯುವ ಒಂದು ಹೆಸರಿರುತ್ತದೆ. ಅದು ನಾಲ್ಕು ಜನರ ಅಂಗಡಿಯೋ, ಎರಡು ಸಾವಿರ ಜನರ ಕಂಪನಿಯೋ, ಸಿಮೆಂಟು ಮಾರುತ್ತದೋ, ರಿಫೈನರಿಗೆ ಪೈಪು ಜೋಡಿಸುತ್ತದೋ ಎಂಬುದು ಇಲ್ಲಿ ಕುಳಿತು ಓದುವವರಿಗೆ ತಿಳಿಯುವುದಿಲ್ಲ. ಹೆಸರು ಗೊತ್ತಾಗದ ಸಿವಿಯನ್ನು ಅವರು ಪಕ್ಕಕ್ಕಿಟ್ಟು ಮುಂದಿನದನ್ನು ನೋಡುತ್ತಾರೆ.

ಇದಕ್ಕೆ ಪರಿಹಾರ ಇದೆ. ಹೆಸರನ್ನು ಬದಲಿಸಬಾರದು, ಅದಕ್ಕೆ ಬಣ್ಣವನ್ನೂ ಹಚ್ಚಬಾರದು. ಅದರ ಕೆಳಗೆ ಅರ್ಥವಾಗುವ ಒಂದು ಸಾಲು ಬರೆಯಬೇಕು, ಬರೆದದ್ದಕ್ಕೆ ಕೈಯಲ್ಲಿ ಕಾಗದ ಇರಬೇಕು. ಇದನ್ನು ಒಂದು ಉದಾಹರಣೆಯ ಮೂಲಕ ನೋಡೋಣ. ಹೊನ್ನಾವರ ತಾಲೂಕಿನ ಒಬ್ಬರು 2015ರಿಂದ 2024ರವರೆಗೆ ಸೌದಿಯ ಜುಬೈಲ್‌ನಲ್ಲಿದ್ದರು ಎಂದಿಟ್ಟುಕೊಳ್ಳಿ. ಅವರ ಕಫೀಲ್ ಒಂದು ಮ್ಯಾನ್‌ಪವರ್ ಕಂಪನಿ. ಅವರು ದುಡಿದದ್ದು ಆ ಕಂಪನಿ ಕಳಿಸಿದ ರಿಫೈನರಿ ಸೈಟಿನ ಸ್ಟೋರಿನಲ್ಲಿ. ಇಕಾಮಾದಲ್ಲಿದ್ದ ಹುದ್ದೆ ‘ಲೋಡಿಂಗ್ ಅನ್‌ಲೋಡಿಂಗ್ ಕೆಲಸಗಾರ’.

ಹಂತ 1: ಖುರೂಜ್‌ಗೆ ಮುಂಚೆ ಕಾಗದ

ವೀಸಾ ರದ್ದಾಗಿ ಅಲ್ಲಿನ ಸಿಮ್ ನಿಂತ ಮೇಲೆ ಒಟಿಪಿ ಬರುವುದಿಲ್ಲ. ಒಟಿಪಿ ಇಲ್ಲದೆ ಸೌದಿಯ ಅಬ್ಶರ್ ಆಗಲಿ, ಬ್ಯಾಂಕಿನ ಆ್ಯಪ್ ಆಗಲಿ ತೆರೆಯುವುದಿಲ್ಲ. ಆದ್ದರಿಂದ ಊರಿಗೆ ಬರುವ ದಿನ ಗೊತ್ತಾದ ಕೂಡಲೇ ಕಾಗದದ ಕೆಲಸ ಮುಗಿಸಬೇಕು.

ಮೊದಲು ಬೇಕಾದದ್ದು ಸೇವಾ ಪ್ರಮಾಣಪತ್ರ. ಕೇಳಿದರೆ ಅದನ್ನು ಉಚಿತವಾಗಿ ಕೊಡಬೇಕೆಂದು ಸೌದಿಯ ಕಾರ್ಮಿಕ ಕಾನೂನಿನಲ್ಲೂ ಯುಎಇಯ 2021ರ ಕಾನೂನಿನಲ್ಲೂ ಇದೆ. ಹಾಗಾಗಿ ಲೆಕ್ಕ ಚುಕ್ತಾ ಮಾಡಿಕೊಳ್ಳುವಾಗಲೇ ಕೇಳಿ. ಪತ್ರ ಲೆಟರ್‌ಹೆಡ್‌ನಲ್ಲಿರಲಿ. ಅದರಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಸೇರಿದ ಮತ್ತು ಬಿಟ್ಟ ದಿನಾಂಕ, ಮಾಡಿದ ಕೆಲಸ, ಯಾವ ಸೈಟು ಎಂಬುದು ಬರಬೇಕು. ನಡುವೆ ಪಾಸ್‌ಪೋರ್ಟ್ ನವೀಕರಿಸಿದ್ದರೆ ಹಳೆಯದನ್ನು ಎಸೆಯಬೇಡಿ. ಹಳೇ ಕಾಗದಗಳಲ್ಲಿ ಹಳೇ ಸಂಖ್ಯೆಯೇ ಇರುತ್ತದೆ, ಎರಡನ್ನೂ ಜೋಡಿಸಿ ತೋರಿಸುವುದು ಆ ಪುಸ್ತಕವೇ. ಇಲ್ಲಿನ ಖಾಸಗಿ ಕಂಪನಿಗಳು ಸಾಮಾನ್ಯವಾಗಿ ದೂತಾವಾಸದ ಮುದ್ರೆ ಕೇಳುವುದಿಲ್ಲ. ಅಲ್ಲಿನ ಚೇಂಬರ್ ಆಫ್ ಕಾಮರ್ಸ್‌ನ ಮುದ್ರೆ ಬಿದ್ದಿದ್ದರೆ ಪತ್ರಕ್ಕೆ ತೂಕ ಬರುತ್ತದೆ.

ಎರಡನೆಯದು ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್. ಪತ್ರವನ್ನು ಯಾರು ಬೇಕಾದರೂ ಟೈಪ್ ಮಾಡಿಸಿಕೊಳ್ಳಬಹುದೆಂಬ ಅನುಮಾನ ಎಚ್‌ಆರ್‌ನವರಿಗೆ ಇದ್ದೇ ಇದೆ. ತಿಂಗಳು ತಿಂಗಳು ಕಂಪನಿಯ ಹೆಸರಿನಿಂದ ಬಂದ ಹಣ ಆ ಅನುಮಾನ ತೀರಿಸುತ್ತದೆ. ದುಬೈಯಲ್ಲಿ ಅಣ್ಣನ ಅಥವಾ ಮಾವನ ಅಂಗಡಿಯಲ್ಲಿ ದುಡಿದ ಭಟ್ಕಳದವರಿಗೆ ಇದು ಇನ್ನೂ ಮುಖ್ಯ. ಮನೆಯವರೇ ಬರೆದುಕೊಟ್ಟ ಪತ್ರವನ್ನು ಹೊರಗಿನವರು ಸುಲಭವಾಗಿ ನಂಬುವುದಿಲ್ಲ. ಸರ್ಕಾರದ ವೇತನ ವ್ಯವಸ್ಥೆಯಾದ ಡಬ್ಲ್ಯುಪಿಎಸ್ ಮೂಲಕ ಬ್ಯಾಂಕಿಗೆ ಬಂದ ಸಂಬಳವನ್ನು ನಂಬುತ್ತಾರೆ.

ಈಗಾಗಲೇ ಊರಿಗೆ ಬಂದಾಗಿದೆ ಎನ್ನುವವರು ಹಳೇ ಕಂಪನಿಯ ಎಚ್‌ಆರ್‌ಗೆ ಇ-ಮೇಲ್ ಬರೆಯಲಿ. ಐಡಿ ನಂಬರು, ಸೇರಿದ ಮತ್ತು ಬಿಟ್ಟ ದಿನಾಂಕ ಹಾಕಿ, ಪತ್ರದ ಕರಡನ್ನು ನೀವೇ ಸಿದ್ಧಮಾಡಿ ಲಗತ್ತಿಸಿ. ಅವರಿಗೆ ಸಹಿ ಹಾಕುವ ಕೆಲಸವಷ್ಟೇ ಉಳಿದರೆ ಉತ್ತರ ಬೇಗ ಬರುತ್ತದೆ. ಅಲ್ಲೇ ಇರುವ ಊರಿನವರೊಬ್ಬರು ಕಚೇರಿಗೆ ಹೋಗಿ ನೆನಪಿಸಿದರೆ ಇನ್ನೂ ಒಳ್ಳೆಯದು.

ಹಂತ 2: ಹೆಸರಿನ ಕೆಳಗಿನ ಸಾಲು

ಕಂಪನಿಯ ಹೆಸರನ್ನು ಪತ್ರದಲ್ಲಿ ಇರುವ ಹಾಗೇ ಬರೆಯಿರಿ. ಅದರ ಕೆಳಗಿನ ಸಾಲಿನಲ್ಲಿ ನಾಲ್ಕು ವಿಷಯ ಹೇಳಿ: ಕಂಪನಿ ಏನು ಮಾಡುತ್ತದೆ, ಎಷ್ಟು ದೊಡ್ಡದು, ಯಾರಿಗೆ ಕೆಲಸ ಮಾಡಿಕೊಡುತ್ತದೆ, ಯಾವ ಊರಿನಲ್ಲಿದೆ. ನಮ್ಮ ಉದಾಹರಣೆಯವರ ಸಿವಿಯಲ್ಲಿ ಮೊದಲು ಬರೀ ಹೆಸರು ಮತ್ತು ‘ಕೆಎಸ್‌ಎ’ ಎಂದಿತ್ತು ಎನ್ನಿ. ಸಿವಿ ಇಂಗ್ಲಿಷಿನಲ್ಲೇ ಇರುತ್ತದೆ, ತಿದ್ದಿದ ಸಾಲಿನ ಸಾರ ಹೀಗೆ:

‘ರಿಫೈನರಿ ಮತ್ತು ಪೆಟ್ರೋಕೆಮಿಕಲ್ ಯೋಜನೆಗಳಿಗೆ ಕೆಲಸಗಾರರನ್ನು ಒದಗಿಸುವ ಗುತ್ತಿಗೆ ಕಂಪನಿ, ಸುಮಾರು 600 ಸಿಬ್ಬಂದಿ, ಜುಬೈಲ್, ಸೌದಿ ಅರೇಬಿಯಾ. ಈ ಕಂಪನಿಯ ಮೂಲಕ ರಿಫೈನರಿ ವಿಸ್ತರಣಾ ಸೈಟಿನ ಸ್ಟೋರಿನಲ್ಲಿ ನಿಯೋಜನೆ.’

‘ಮೂಲಕ’ ಎಂಬ ಮಾತನ್ನು ಬಿಡಬೇಡಿ. ಸೈಟು ಅರಾಮ್ಕೋದ್ದಾಗಿದ್ದರೆ ‘ಅರಾಮ್ಕೋದಲ್ಲಿ ಒಂಬತ್ತು ವರ್ಷ’ ಎಂದು ಬರೆಯುವ ಆಸೆ ಬರುತ್ತದೆ. ಪರಿಶೀಲನೆಯವರು ಅಲ್ಲಿಗೆ ಇ-ಮೇಲ್ ಹಾಕಿದರೆ ಇಂಥ ಹೆಸರಿನ ನೌಕರ ನಮ್ಮಲ್ಲಿಲ್ಲ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಬಾಗಿಲು ಮುಚ್ಚಿದಂತೆಯೇ. ‘ಇಂಥ ಗುತ್ತಿಗೆ ಕಂಪನಿಯ ಮೂಲಕ ಅರಾಮ್ಕೋ ಯೋಜನೆಯಲ್ಲಿ’ ಎಂದರೆ ಮಾತೂ ನಿಜ, ದೊಡ್ಡ ಹೆಸರೂ ಕಣ್ಣಿಗೆ ಬೀಳುತ್ತದೆ.

ಕಂಪನಿ ಮುಚ್ಚಿದ್ದರೆ ಅಥವಾ ಹೆಸರು ಬದಲಾಗಿದ್ದರೆ ಎರಡು ಹೆಸರನ್ನೂ ಬರೆಯಿರಿ. ಸೌದಿಯ ಲೆಟರ್‌ಹೆಡ್‌ನಲ್ಲಿ ‘ಸಿಆರ್’ ಸಂಖ್ಯೆ ಇರುತ್ತದೆ. ಪರಿಶೀಲನೆಗೆ ಕೊಡುವ ಹಾಳೆಯಲ್ಲಿ ಅದನ್ನು ಹಾಕಿದರೆ ಕಂಪನಿ ನಿಜವಾಗಿಯೂ ಇತ್ತೆಂದು ಹುಡುಕಲು ಅವರಿಗೆ ದಾರಿಯಾಗುತ್ತದೆ. ಲುಲು ಥರದ ಹೆಸರಾದರೆ ಇಲ್ಲೂ ಎಲ್ಲರಿಗೂ ಗೊತ್ತು, ಅಲ್ಲಿ ಯಾವ ವಿಭಾಗ, ಎಷ್ಟು ದೊಡ್ಡ ಮಳಿಗೆ ಎಂದಷ್ಟು ಬರೆದರೆ ಸಾಕು.

ಹಂತ 3: ಇಕಾಮಾದ ಹುದ್ದೆ, ಮಾಡಿದ ಕೆಲಸ

ಸಿಕ್ಕ ವೀಸಾದ ಮೇಲೆ ಹೋಗಿ ಬೇರೆ ಕೆಲಸ ಮಾಡಿದವರು ನಮ್ಮಲ್ಲಿ ಬಹಳ. ಇದನ್ನು ಮುಚ್ಚಿಟ್ಟರೆ ಕಾಗದ ನೋಡುವ ಹೊತ್ತಿಗೆ ಹೊರಬಿದ್ದು ಉಳಿದದ್ದೂ ಸುಳ್ಳೆನಿಸುತ್ತದೆ. ಸಿವಿಯಲ್ಲಿ ‘ಸ್ಟೋರ್‌ಕೀಪರ್’ ಎಂದು ಬರೆದು, ಪಕ್ಕದಲ್ಲೇ ‘ವೀಸಾ ದಾಖಲೆಯ ಹುದ್ದೆ: ಲೋಡಿಂಗ್ ಕೆಲಸಗಾರ’ ಎಂದು ಸಣ್ಣದಾಗಿ ಸೇರಿಸಿ. ಸೇವಾ ಪತ್ರದಲ್ಲಿ ‘ಸೈಟಿನಲ್ಲಿ ಸ್ಟೋರ್‌ಕೀಪರ್ ಆಗಿ ನಿಯೋಜಿಸಲಾಗಿತ್ತು’ ಎಂಬ ವಾಕ್ಯ ಬರುವಂತೆ ನೋಡಿಕೊಳ್ಳಿ. ಅದು ಸಿಗದಿದ್ದರೆ ಹುದ್ದೆ ನಮೂದಾದ ಸೈಟಿನ ಗೇಟ್‌ಪಾಸ್, ಸುರಕ್ಷತಾ ತರಬೇತಿಯ ಕಾರ್ಡು, ಮೇಲಿನವರು ‘ಸ್ಟೋರ್‌ಕೀಪರ್’ ಎಂದು ಕರೆದು ಕಳಿಸಿದ ಇ-ಮೇಲ್ ಇವೂ ಸಾಕ್ಷಿಯೇ.

ಹಂತ 4: ಕೆಲಸವನ್ನು ಇಲ್ಲಿನವರ ಮಾತಿನಲ್ಲಿ

ಉದಾಹರಣೆಯವರ ಹಳೇ ಸಿವಿಯಲ್ಲಿ ‘ಸ್ಟೋರಿನ ಎಲ್ಲ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದೆ’ ಎಂದಿತ್ತು. ಇದರಿಂದ ಏನೂ ತಿಳಿಯದು. ಎದುರಿಗೆ ಕೂರಿಸಿ ಒಂದು ದಿನದ ಕೆಲಸ ಹೇಳಿ ಎಂದು ಕೇಳಿದರೆ ಇಂಥವರು ಹೇಳುವುದು ಹೀಗಿರುತ್ತದೆ: ಬೆಳಿಗ್ಗೆ ಟ್ರೇಲರ್ ಬರುತ್ತದೆ, ಡೆಲಿವರಿ ನೋಟನ್ನು ಪರ್ಚೇಸ್ ಆರ್ಡರಿಗೆ ತಾಳೆ ನೋಡುತ್ತೇನೆ, ಪೈಪು ಮತ್ತು ವಾಲ್ವಿನ ಮೇಲಿನ ಹೀಟ್ ನಂಬರನ್ನು ಟೆಸ್ಟ್ ಸರ್ಟಿಫಿಕೇಟಿಗೆ ಹೋಲಿಸುತ್ತೇನೆ, ಸರಿಯಿದ್ದರೆ ಸ್ಯಾಪ್‌ನಲ್ಲಿ MIGO ತೆರೆದು ಮಾಲು ಬಂದದ್ದನ್ನು ದಾಖಲಿಸುತ್ತೇನೆ, ಸಂಜೆ MB52 ತೆಗೆದು ರ‍್ಯಾಕಿನ ಬಿನ್ ಕಾರ್ಡಿನ ಜೊತೆ ಲೆಕ್ಕ ನೋಡುತ್ತೇನೆ.

ಸಿವಿಗೆ ಬರಬೇಕಾದದ್ದು ಇದೇ. ತಿದ್ದಿದ ಸಿವಿಯಲ್ಲಿ ಅದು ಮೂರು ಸಾಲಾಯಿತು. ‘ಪೈಪು, ವಾಲ್ವು, ಫ್ಲ್ಯಾಂಜ್ ಸೇರಿ ಸುಮಾರು 3,000 ಬಗೆಯ ಸಾಮಗ್ರಿಯ ಸ್ಟೋರ್, ಕೈಕೆಳಗೆ ಮೂವರು ಸಹಾಯಕರು. ಮಾಲು ಪಡೆಯುವಾಗ ಪರ್ಚೇಸ್ ಆರ್ಡರ್ ಮತ್ತು ಟೆಸ್ಟ್ ಸರ್ಟಿಫಿಕೇಟ್ ಪರಿಶೀಲನೆ, ಸ್ಯಾಪ್‌ನಲ್ಲಿ ದಾಖಲೆ. ತಿಂಗಳಿಗೊಮ್ಮೆ ಸ್ಟಾಕ್ ಎಣಿಕೆ, ವ್ಯತ್ಯಾಸದ ವರದಿ.’ ನಿಮ್ಮ ಸಿವಿಯಲ್ಲಿ ನಿಮ್ಮದೇ ಅಂಕಿ ಬರಲಿ. ಸಂದರ್ಶನದಲ್ಲಿ ಕೇಳಿದಾಗ ತಡವರಿಸದೆ ವಿವರಿಸಲು ಬರುವಷ್ಟನ್ನೇ ಬರೆಯಿರಿ.

ಇಲ್ಲಿ ಒಂದು ಕೊರತೆ ಕಾಣುತ್ತದೆ. ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. ಅದಕ್ಕೆ ಮುಂಚೆ ಊರು ಬಿಟ್ಟವರಿಗೆ ಜಿಎಸ್‌ಟಿ ಬಿಲ್ಲು, ಎಚ್‌ಎಸ್‌ಎನ್ ಕೋಡ್, ಇ-ವೇ ಬಿಲ್ ಯಾವುದರ ಅಭ್ಯಾಸವೂ ಇರುವುದಿಲ್ಲ. ಇಲ್ಲಿನ ಗೋದಾಮಿನ ಮಾಲೀಕ ಸ್ಯಾಪ್‌ಗಿಂತ ಮೊದಲು ಕೇಳುವುದು ಇದನ್ನೇ, ಅದರ ಜೊತೆಗೆ ಟ್ಯಾಲಿಯನ್ನು. ಅರ್ಜಿ ಹಾಕುವ ಮುಂಚೆ ಊರಿನ ಟ್ಯಾಲಿ ತರಗತಿಗೆ ಸೇರಿ, ಅಥವಾ ಪರಿಚಯದ ಹೋಲ್‌ಸೇಲ್ ಅಂಗಡಿಯಲ್ಲಿ ಕೆಲವು ವಾರ ಕುಳಿತು ಬಿಲ್ಲು ಮಾಡುವುದನ್ನು ಕಲಿಯಿರಿ. ಸೌದಿ ಮತ್ತು ಯುಎಇಯಲ್ಲಿ 2018ರಿಂದ ವ್ಯಾಟ್ ಇದೆ. ಅಲ್ಲಿ ವ್ಯಾಟ್ ಬಿಲ್ಲುಗಳನ್ನು ತಾಳೆ ನೋಡಿದ ಅಭ್ಯಾಸ ಇದ್ದರೆ ಸಿವಿಯಲ್ಲಿ ಅದನ್ನೂ ಬರೆಯಿರಿ. ಅಂಥವರಿಗೆ ಜಿಎಸ್‌ಟಿ ಬೇಗ ಹಿಡಿತಕ್ಕೆ ಬರುತ್ತದೆ.

ಹಂತ 5: ಯಾರಿಗೆ ಕಳಿಸಬೇಕು

ಒಂದೇ ಸಿವಿಯನ್ನು ಎಲ್ಲ ಕಡೆ ಕಳಿಸಬೇಡಿ. ಮಂಗಳೂರಿನ ಎಂಆರ್‌ಪಿಎಲ್‌ನ ನಿರ್ವಹಣಾ ಕೆಲಸ ಹಿಡಿಯುವ ಗುತ್ತಿಗೆದಾರರಿಗೆ ಜುಬೈಲ್‌ನ ಹೆಸರು ಗೊತ್ತು. ಅವರಿಗೆ ಕಳಿಸುವಾಗ ಪೈಪು, ವಾಲ್ವು, ಟೆಸ್ಟ್ ಸರ್ಟಿಫಿಕೇಟ್, ಸುರಕ್ಷತಾ ತರಬೇತಿ ಮೇಲೆ ಬರಲಿ. ಕೈಗಾದಲ್ಲಿ 5 ಮತ್ತು 6ನೇ ಘಟಕದ ಕೆಲಸ ಹಿಡಿದ ಗುತ್ತಿಗೆದಾರರಿಗೂ ಇದೇ ಸಿವಿ ಹೊಂದುತ್ತದೆ. ಹುಬ್ಬಳ್ಳಿಯ ವಿತರಕರಿಗೆ ಅಥವಾ ಉಡುಪಿಯ ದೊಡ್ಡ ಮಳಿಗೆಗೆ ಕಳಿಸುವುದಾದರೆ ಸ್ಟಾಕ್ ಎಣಿಕೆ, ಸಹಾಯಕರನ್ನು ನಡೆಸಿದ್ದು, ಟ್ಯಾಲಿ ಮೇಲಿರಲಿ, ರಿಫೈನರಿಯ ವಿವರ ಕೆಳಗಿಳಿಯಲಿ. ದುಬೈಯ ಹೋಟೆಲುಗಳಲ್ಲಿದ್ದವರಿಗೆ ಗೋವಾ ಹತ್ತಿರ, ಅಲ್ಲಿನವರು ಎಷ್ಟು ಕೋಣೆಯ ಹೋಟೆಲು, ಯಾವ ವಿಭಾಗ ಎಂದು ನೋಡುತ್ತಾರೆ. ಭಟ್ಕಳದವರಿಗೆ ಉಡುಪಿ, ಮಂಗಳೂರಿನ ದಾರಿ ಸುಲಭ. ಕುಮಟಾದವರು ಕಾರವಾರ, ಗೋವಾ, ಹುಬ್ಬಳ್ಳಿಯನ್ನೂ ಲೆಕ್ಕಕ್ಕೆ ಹಿಡಿಯಬಹುದು.

ಹಂತ 6: ಸಂಬಳ, ಪಿಎಫ್, ‘ಮತ್ತೆ ಹೋಗ್ತೀರಾ?’

ಅಲ್ಲಿನ ಸಂಬಳವನ್ನು ರೂಪಾಯಿಗೆ ತಿರುಗಿಸಿ ಸಿವಿಯಲ್ಲಿ ಬರೆಯಬೇಡಿ. 2,800 ರಿಯಾಲನ್ನು 22 ರೂಪಾಯಿ ದರದಲ್ಲಿ ಲೆಕ್ಕ ಹಾಕಿದರೆ 61,600 ರೂಪಾಯಿ. ಆ ಅಂಕಿ ನೋಡಿದವರು ಇವರು ನಮಗೆ ಎಟುಕುವುದಿಲ್ಲವೆಂದು ಫೋನನ್ನೇ ಮಾಡುವುದಿಲ್ಲ. ಸಂದರ್ಶನದಲ್ಲಿ ಕೇಳಿದರೆ ರಿಯಾಲಿನಲ್ಲೇ ಹೇಳಿ. ಊಟ, ರೂಮು ಕಂಪನಿಯದೇ ಆಗಿತ್ತೋ ಇಲ್ಲವೋ ತಿಳಿಸಿ. ಬಳಿಕ ಇಲ್ಲಿ ಅದೇ ಹುದ್ದೆಗೆ ಏನು ಸಿಗುತ್ತದೆಂದು ಮೊದಲೇ ವಿಚಾರಿಸಿಟ್ಟುಕೊಂಡು, ನಿಮ್ಮ ನಿರೀಕ್ಷೆಯನ್ನು ಒಂದೇ ಅಂಕಿಯಲ್ಲಿ ಹೇಳಿ.

ಪಿಎಫ್‌ನ ಯುಎಎನ್ ಸಂಖ್ಯೆ ಕೇಳಿದಾಗ ಗಾಬರಿ ಬೇಡ. ಇಲ್ಲಿ ಮೊದಲು ಪಿಎಫ್ ಇರುವ ಕೆಲಸ ಮಾಡಿರದಿದ್ದರೆ ‘ಇಲ್ಲ’ ಎಂದರೆ ಸಾಕು, ಸೇರುವಾಗ ಫಾರಂ 11ರಲ್ಲಿ ಅದನ್ನೇ ಬರೆದುಕೊಡುತ್ತೀರಿ. ಹೋಗುವ ಮುಂಚೆ ಬೆಂಗಳೂರಿನಲ್ಲೋ ಮುಂಬೈಯಲ್ಲೋ ದುಡಿದಿದ್ದರೆ ಹಳೇ ಸಂಖ್ಯೆ ಹುಡುಕಿ ಅದನ್ನೇ ಕೊಡಿ.

ಕಡೆಯ ಪ್ರಶ್ನೆ ಎಲ್ಲರೂ ಕೇಳುತ್ತಾರೆ: ‘ಒಳ್ಳೆ ವೀಸಾ ಬಂದ್ರೆ ಮತ್ತೆ ಹೋಗ್ತೀರಲ್ಲ?’ ಕಲಿಸಿದ ಹುಡುಗ ಆರು ತಿಂಗಳಿಗೆ ವಿಮಾನ ಹತ್ತಿದ್ದನ್ನು ಈ ಕರಾವಳಿಯ ಮಾಲೀಕರು ಕಂಡಿದ್ದಾರೆ, ಅವರ ಅಂಜಿಕೆ ನ್ಯಾಯವಾದದ್ದೇ. ‘ಇಲ್ಲ ಸಾರ್’ ಎಂದರೆ ನಂಬುವುದಿಲ್ಲ. ಮರಳಿ ಬಂದ ಕಾರಣವನ್ನು ನೇರವಾಗಿ ಹೇಳಿ: ತಂದೆಯ ಕಾಯಿಲೆ, ಮಕ್ಕಳ ಶಾಲೆ, ಕಟ್ಟಿದ ಮನೆ, ಯಾವುದು ನಿಜವೋ ಅದು. ಅದಕ್ಕೆ ಒಂದು ಅವಧಿ ಸೇರಿಸಿ: ‘ಮಗಳ ಹತ್ತನೇ ತರಗತಿ ಮುಗಿಯಲು ನಾಲ್ಕು ವರ್ಷ ಇದೆ, ಅಲ್ಲಿವರೆಗೆ ನಾನು ಎಲ್ಲೂ ಹೋಗುವುದಿಲ್ಲ.’ ನಾಲ್ಕು ವರ್ಷ ನಿಲ್ಲುವ ಸ್ಟೋರ್‌ಕೀಪರ್ ಸಿಕ್ಕರೆ ಯಾವ ಮಾಲೀಕನೂ ಬೇಡ ಅನ್ನಲು ಎರಡು ಸಲ ಯೋಚಿಸುತ್ತಾನೆ. ಹೇಳಿದ ಅವಧಿಯನ್ನು ಉಳಿಸಿಕೊಳ್ಳಿ. ನಿಮ್ಮ ಹಿಂದೆ ಅದೇ ಊರಿನಿಂದ ಮರಳಿ ಬರುವ ಇನ್ನೊಬ್ಬರ ಸಿವಿಯನ್ನು ಆ ಮಾಲೀಕ ಹೇಗೆ ಓದುತ್ತಾನೆ ಎಂಬುದು ಅದರ ಮೇಲೆ ನಿಂತಿದೆ.