ಪಟಿಕ ಹಾಕಿದ ನೀರೂ ಅರ್ಧ ಮಿಲಿಗ್ರಾಂ ಫ್ಲೋರೈಡೂ

ಅರಸೀಕೆರೆ ತಾಲ್ಲೂಕಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಲ್ಲಿನ ಒಂದು ಮನೆಯಲ್ಲಿ ನಲಗೊಂಡ ವಿಧಾನದಂತೆ ಬಕೆಟ್ ನೀರಿಗೆ ಪಟಿಕವನ್ನೂ ಸುಣ್ಣವನ್ನೂ ಕಲಸಿ, ಗಸಿ ಕೂತ ಮೇಲೆ ಮೇಲಿನ ತಿಳಿಯನ್ನು ಕುಡಿಯುತ್ತಿದ್ದರು. ದೊಡ್ಡ ಮಗನ ಮುಂದಿನ ಹಲ್ಲುಗಳಲ್ಲಿ ಆಗಲೇ ಕಂದು ಗೆರೆ ಬಿದ್ದಿತ್ತು. ಬಾಟಲಿ ತುಂಬಿಕೊಡುವಾಗ ಆ ತಾಯಿ, "ಸಾರ್, ಚಿಕ್ಕವಳಿಗೆ ಇದೇ ನೀರು ಕೊಡಬಹುದಾ?" ಅಂತ ಕೇಳಿದರು. ಲ್ಯಾಬಿನಲ್ಲಿ ಸ್ಪ್ಯಾಡ್ನ್ಸ್ ಬಣ್ಣದ ವಿಧಾನದಲ್ಲಿ ಓದಿದಾಗ ಲೀಟರಿಗೆ 0.72 ಮಿಲಿಗ್ರಾಂ ಬಂತು. ಐಎಸ್ 10500 ಮಾನಕದ ಪ್ರಕಾರ 1.0 ಒಳಗಿದ್ದರೆ ಒಳ್ಳೆಯ ನೀರು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಸಹಿಸಬಹುದು. "ಕೊಡಬಹುದು" ಎಂದು ಬರೆಯುವುದೊಂದೇ ಬಾಕಿ ಇತ್ತು. ಆ ಬಾಟಲಿ ಕಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಅನುಮಾನ ಇರುವ ನೀರಿಗೇ ಸ್ಪೈಕ್ ಹಾಕಿ

ಸ್ಪೈಕ್ ರಿಕವರಿ ಎಂದರೆ ಇಷ್ಟೇ. ಮಾದರಿ ನೀರನ್ನು ಎರಡು ಪಾಲು ಮಾಡಬೇಕು. ಒಂದನ್ನು ಹಾಗೇ ಓದಬೇಕು, ಇನ್ನೊಂದಕ್ಕೆ ಗೊತ್ತಿರುವಷ್ಟು ಫ್ಲೋರೈಡ್ ಸೇರಿಸಿ ಓದಬೇಕು. ಎರಡು ಓದುಗಳ ವ್ಯತ್ಯಾಸ, ನಾವು ಸೇರಿಸಿದ್ದರ ಶೇಕಡಾ ಎಷ್ಟು ಎಂಬುದೇ ರಿಕವರಿ. ಅದು ನೂರಕ್ಕಿಂತ ತೀರ ಕಡಿಮೆ ಬಂದರೆ ನೀರಿನಲ್ಲಿರುವ ಬೇರೇನೋ ಸಂಕೇತವನ್ನು ಅದುಮುತ್ತಿದೆ, ತೀರ ಹೆಚ್ಚು ಬಂದರೆ ಉಬ್ಬಿಸುತ್ತಿದೆ. ನಾವು 90ರಿಂದ 110 ಒಳಗಿದ್ದರೆ ಒಪ್ಪುತ್ತಿದ್ದೆವು.

ಆ ವಾರ ನಮ್ಮ ತಂಡದಲ್ಲಿ ಬೇಲೂರಿನ ಯಗಚಿ ನೀರು, ಹಳೇಬೀಡಿನ ಕೆರೆ ನೀರು, ಅರಸೀಕೆರೆ ಕಡೆಯ ಬಾಟಲಿಗಳು ಎಲ್ಲ ಒಟ್ಟಿಗಿದ್ದವು. ತಂಡಕ್ಕೆ ಒಂದು ಸ್ಪೈಕ್ ಸಾಕೆಂಬ ಲೆಕ್ಕದಲ್ಲಿ, ತಿಳಿಯಾಗಿ ಕಂಡ ಯಗಚಿ ನೀರಿಗೇ ಹಾಕಿದ್ದೆ. 99 ಬಂತು, ಖುಷಿಯಾಯಿತು. ಆದರೆ ಯಗಚಿಯ ಮೆದು ನೀರಿನ ಸಾಕ್ಷಿ ಪಟಿಕ ಹಾಕಿದ ಬಕೆಟ್ ನೀರಿಗೆ ಹೇಗೆ ಅನ್ವಯಿಸುತ್ತದೆ? ಒಂದೇ ಸ್ಪೈಕ್ ಮಾಡುವುದಾದರೆ ತಂಡದ ಅತಿ ತೊಡಕಿನ ನೀರಿಗೆ ಮಾಡಬೇಕು. ಕಚ್ಚಾ ನೀರು, ಪಟಿಕ ಹಾಕಿದ ನೀರು, ಫಿಲ್ಟರಿನಿಂದ ಬಂದ ನೀರು, ಇವು ಒಂದೇ ಬಾವಿಯದ್ದಾದರೂ ಮೂರು ಬೇರೆ ಮ್ಯಾಟ್ರಿಕ್ಸ್.

2. ಸೇರಿಸುವ ದ್ರಾವಣ ಗಾಢವಾಗಿರಲಿ, ಹನಿ ಚಿಕ್ಕದಿರಲಿ

50 ಮಿಲಿಲೀಟರ್ ನೀರಿಗೆ, ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್ ಇರುವ ದ್ರಾವಣದಿಂದ 0.25 ಮಿಲಿಲೀಟರ್ ಹಾಕಿದರೆ ಲೀಟರಿಗೆ 0.5 ಮಿಲಿಗ್ರಾಂ ಸೇರಿದಂತೆ. ನೀರಿನ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಸಣ್ಣ ಪಿಪೆಟ್ ಕೈಗೆ ಸಿಗದೆ ಒಮ್ಮೆ ತೆಳು ದ್ರಾವಣದ 5 ಮಿಲಿಲೀಟರ್ ಹಾಕಿದ್ದೆ. ಸೇರಿದ ಫ್ಲೋರೈಡ್ ಅಷ್ಟೇ, ಆದರೆ ನೀರು 55 ಮಿಲಿಲೀಟರ್ ಆಯಿತು. ಆಗ 0.72 ಇದ್ದದ್ದು 0.65ಕ್ಕೆ ಇಳಿಯುತ್ತದೆ, ಸೇರಿಸಿದ 0.5 ಕೂಡ 0.45ಕ್ಕೆ ಇಳಿಯುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಕಳೆದರೆ, ಏನೂ ತೊಡಕಿಲ್ಲದ ನೀರೂ ಶೇ. 78 ರಿಕವರಿ ತೋರಿಸುತ್ತದೆ. ಪಿಪೆಟ್ ಮಾಡಿದ ತಪ್ಪನ್ನು ನೀರಿನ ತಲೆಗೆ ಕಟ್ಟಿದ ಹಾಗಾಗುತ್ತದೆ.

3. ಸ್ಪೈಕಿಗೆ ನೀರಿನೊಂದಿಗೆ ಬೆರೆಯಲು ಹೊತ್ತು ಕೊಡಿ

ನನ್ನನ್ನು ಹೆಚ್ಚು ಕಾಡಿದ್ದು ಈ ಪಾಠ. ಪಟಿಕ ಅಂದರೆ ಅಲ್ಯೂಮಿನಿಯಂ ಸಲ್ಫೇಟ್. ಅದರಲ್ಲಿ ಒಂದಿಷ್ಟು ತಿಳಿನೀರಿನಲ್ಲೇ ಉಳಿದರೆ, ಅಲ್ಯೂಮಿನಿಯಂ ಫ್ಲೋರೈಡನ್ನು ಹಿಡಿದುಕೊಂಡುಬಿಡುತ್ತದೆ. ಸ್ಪ್ಯಾಡ್ನ್ಸ್ ವಿಧಾನದಲ್ಲಿ ಬಿಡಿ ಫ್ಲೋರೈಡ್ ಜಿರ್ಕೋನಿಯಂ ಮತ್ತು ಬಣ್ಣದ ಜೋಡಿಯನ್ನು ಒಡೆಯುತ್ತದೆ, ಕೆಂಪು ಮಾಸುತ್ತದೆ, ಎಷ್ಟು ಮಾಸಿತೆಂಬುದನ್ನು 570 ನ್ಯಾನೋಮೀಟರಿನಲ್ಲಿ ಓದುತ್ತೇವೆ. ಅಲ್ಯೂಮಿನಿಯಂ ಹಿಡಿದಿಟ್ಟ ಫ್ಲೋರೈಡ್ ಜಿರ್ಕೋನಿಯಂ ಕಡೆ ತಕ್ಷಣಕ್ಕೆ ಹೋಗುವುದಿಲ್ಲ. ಲೀಟರಿಗೆ ಬರೀ 0.1 ಮಿಲಿಗ್ರಾಂ ಅಲ್ಯೂಮಿನಿಯಂ ಇದ್ದರೂ, ತಕ್ಷಣ ಓದಿದರೆ ಫ್ಲೋರೈಡ್ ಸುಮಾರು 0.1 ಕಡಿಮೆ ಕಾಣುತ್ತದೆ.

ಆ ಬಕೆಟ್ ನೀರಿಗೆ ಮೊದಲ ಸಲ ಸ್ಪೈಕ್ ಹಾಕಿದ ಕೂಡಲೇ ಬಣ್ಣದ ಕಾರಕವನ್ನೂ ಸುರಿದೆ. ರಿಕವರಿ 88 ಬಂತು. ಗಡಿಯ ಹತ್ತಿರ ಇದೆಯಲ್ಲ, ಪಿಪೆಟ್ಟಿನ ಹೆಚ್ಚುಕಡಿಮೆ ಇರಬೇಕು ಎಂದು ಬಿಡುವವನಿದ್ದೆ. ಆದರೆ ಹೊಸದಾಗಿ ಹಾಕಿದ ಫ್ಲೋರೈಡಿಗೆ ಅಲ್ಯೂಮಿನಿಯಂ ಜೊತೆ ಸೇರಲು ನಾನು ಹೊತ್ತೇ ಕೊಟ್ಟಿರಲಿಲ್ಲ. ಬಾಟಲಿಯಲ್ಲಿದ್ದದ್ದು ಹಿಡಿತದಲ್ಲಿದ್ದ ಫ್ಲೋರೈಡ್, ನಾನು ಹಾಕಿದ್ದು ಬಿಡಿ ಫ್ಲೋರೈಡ್. ಎರಡನೇ ಸಲ ಸ್ಪೈಕ್ ಹಾಕಿ, ಕಲಕಿ, ಮುಚ್ಚಳ ಹಾಕಿ ಅರ್ಧ ಗಂಟೆ ಇಟ್ಟೆ. ಆಮೇಲೆ ಕಾರಕ ಹಾಕಿ ಓದಿದರೆ 1.03. ಮೊದಲಿನ 0.72 ಕಳೆದರೆ 0.31. ಸೇರಿಸಿದ್ದು 0.5, ಅಂದರೆ ರಿಕವರಿ ಶೇ. 62.

4. ರಿಕವರಿ ಕಡಿಮೆ ಬಂತೆಂದು ಉತ್ತರವನ್ನು ಗುಣಿಸಿ ತಿದ್ದಬೇಡಿ

0.72ನ್ನು 0.62ರಿಂದ ಭಾಗಿಸಿದರೆ 1.16 ಬರುತ್ತದೆ. ಆಸೆ ಹುಟ್ಟಿಸುವ ಲೆಕ್ಕ ಅದು. ಆದರೆ ಅಲ್ಯೂಮಿನಿಯಂ ಎಲ್ಲ ಮಟ್ಟದಲ್ಲೂ ಒಂದೇ ಪಾಲು ಹಿಡಿಯುತ್ತದೆಂಬ ಖಾತ್ರಿಯಿಲ್ಲ. ಇರುವ ಅಲ್ಯೂಮಿನಿಯಂ ಕಡಿಮೆಯಿದ್ದು ಮೂಲ ಫ್ಲೋರೈಡಿನಿಂದಲೇ ಭರ್ತಿಯಾಗಿದ್ದರೆ, ಸ್ಪೈಕ್ ಪೂರ್ತಿ ವಾಪಸ್ ಬಂದು ಮೂಲ ಓದು ಮಾತ್ರ ಕಡಿಮೆಯೇ ಉಳಿಯಬಹುದು. ರಿಕವರಿ ತೊಡಕಿದೆ ಎಂದಷ್ಟೇ ಹೇಳುತ್ತದೆ. ಕಾರಣ ಹುಡುಕುವುದು ನಮ್ಮ ಕೆಲಸ.

ಅಲ್ಯೂಮಿನಿಯಂ ಹೌದೋ ಅಲ್ಲವೋ ನೋಡಲು ಒಂದು ಸುಲಭದ ದಾರಿಯಿದೆ. ಕಾರಕ ಹಾಕಿದ ಅದೇ ನೀರನ್ನು ಎರಡು ಗಂಟೆ ಇಟ್ಟು, ಅದೇ ಹೊತ್ತು ಇಟ್ಟ ಸ್ಟ್ಯಾಂಡರ್ಡುಗಳ ಜೊತೆ ಮತ್ತೆ ಓದಬೇಕು. ಆ ಆಮ್ಲದಲ್ಲಿ ಅಲ್ಯೂಮಿನಿಯಂ ತನ್ನ ಹಿಡಿತವನ್ನು ನಿಧಾನವಾಗಿ ಬಿಡುತ್ತದೆ. ತಕ್ಷಣದ ಓದಿಗೆ 0.1 ಮಿಲಿಗ್ರಾಂ ಅಲ್ಯೂಮಿನಿಯಂ ಮಾಡುವ ಕೆಡುಕನ್ನು ಮಾಡಲು ಎರಡು ಗಂಟೆಯ ನಂತರ 3 ಮಿಲಿಗ್ರಾಂ ಬೇಕಾಗುತ್ತದೆ. ನಮ್ಮ ಬಾಟಲಿ 0.72ರಿಂದ 1.05ಕ್ಕೆ ಏರಿತು. ಸ್ಪೈಕ್ ಹಾಕಿದ್ದು 1.4ರ ಗೆರೆ ದಾಟಿತು. ಈ ವಿಧಾನ ಅಲ್ಲಿಯವರೆಗಷ್ಟೇ ನೆಟ್ಟಗೆ ಓದುವುದರಿಂದ ಆ ಸಂಖ್ಯೆಯನ್ನು ನಾನು ಬಳಸಲಿಲ್ಲ.

ಕೊನೆಗೆ ಫ್ಲೋರೈಡ್ ಎಲೆಕ್ಟ್ರೋಡಿನಲ್ಲಿ ಓದಿದೆವು. ಅದಕ್ಕೆ ಸಮಪ್ರಮಾಣದಲ್ಲಿ ಬೆರೆಸುವ ಟಿಸಾಬ್ ಬಫರಿನಲ್ಲಿ ಅಲ್ಯೂಮಿನಿಯಮನ್ನು ಕಟ್ಟಿಹಾಕುವ ಸಿಡಿಟಿಎ ಇರುತ್ತದೆ, ಫ್ಲೋರೈಡ್ ಬಿಡಿಯಾಗುತ್ತದೆ. ಬರಿ ನೀರು 1.12, ಸ್ಪೈಕ್ ಹಾಕಿದ್ದು 1.61. ರಿಕವರಿ ಶೇ. 98.

5. ನೂರು ಬಂದರೂ ಹಳೇಬೀಡಿನ ಕೆರೆಯನ್ನು ನೆನಪಿಡಿ

ದ್ವಾರಸಮುದ್ರದ ಕೆರೆ ನೀರು ಮಳೆಗಾಲದಲ್ಲಿ ಕದಡಿರುತ್ತದೆ. ಸೋಸದೆ ಓದಿದರೆ ಆ ಕದಡು ಬೆಳಕನ್ನು ತಡೆಯುತ್ತದೆ, ಬಣ್ಣ ಮಾಸಿದ್ದು ಕಡಿಮೆಯೆಂದು ಯಂತ್ರ ತಿಳಿಯುತ್ತದೆ, ಫ್ಲೋರೈಡ್ ಕಡಿಮೆ ಕಾಣುತ್ತದೆ. ಆದರೆ ಎರಡೂ ಪಾಲುಗಳಲ್ಲಿ ಕದಡು ಅಷ್ಟೇ ಇರುವುದರಿಂದ ಕಳೆದಾಗ ಅದು ಹೊರಟುಹೋಗುತ್ತದೆ, ರಿಕವರಿ ಚೊಕ್ಕವಾಗಿ ನೂರರ ಹತ್ತಿರ ಬರುತ್ತದೆ. ಸಲ್ಫೇಟ್ ಹೆಚ್ಚಿರುವ ನೀರಿನಲ್ಲಿ ಇದು ತಿರುಗುಮುರುಗು. ಲೀಟರಿಗೆ 200 ಮಿಲಿಗ್ರಾಂ ಸಲ್ಫೇಟ್ ಇದ್ದರೆ ಸುಮಾರು 0.1 ಫ್ಲೋರೈಡ್ ಹೆಚ್ಚು ಕಾಣುತ್ತದೆ, ಅದೂ ಸ್ಪೈಕಿಗೆ ಅಷ್ಟಾಗಿ ಸಿಕ್ಕುವುದಿಲ್ಲ. ಒಂದೇ ಅಳತೆಯಲ್ಲಿ ಕೂಡುವ ಅಥವಾ ಕಳೆಯುವ ಇಂಥ ತಪ್ಪುಗಳಿಗೆ ಸೋಸುವುದು, ಎಲೆಕ್ಟ್ರೋಡಿನಲ್ಲಿ ತಾಳೆ ನೋಡುವುದು, ಇವೇ ದಾರಿ.

6. ಕಡಿಮೆ ರಿಕವರಿಯೂ ಒಂದು ಫಲಿತಾಂಶ

ಆ ಮನೆಯ ವರದಿಯಲ್ಲಿ ಫ್ಲೋರೈಡ್ 1.1 ಎಂದು ಬರೆದು, ಎಲೆಕ್ಟ್ರೋಡ್ ವಿಧಾನ, ರಿಕವರಿ 98 ಎಂದು ಪಕ್ಕದಲ್ಲೇ ಸೇರಿಸಿದೆವು. ಅಲ್ಲಿಗೆ ನಿಲ್ಲಿಸಲಿಲ್ಲ. ಬಣ್ಣದ ವಿಧಾನದ 62, ಎರಡು ಗಂಟೆಯ ನಂತರದ ಏರಿಕೆ, ಇವೆರಡೂ ಸೇರಿ ನಮಗೆ ಹೇಳಿದ್ದು ಆ ತಿಳಿನೀರಿನಲ್ಲಿ ಅಲ್ಯೂಮಿನಿಯಂ ಉಳಿದಿದೆ ಎಂದು. ಕುಡಿಯುವ ನೀರಿನಲ್ಲಿ ಅದಕ್ಕೂ ಮಿತಿಯಿದೆ, 0.03, ಬೇರೆ ನೀರಿಲ್ಲದಿದ್ದರೆ 0.2. ಹಾಗಾಗಿ ಅದೇ ಬಾಟಲಿಯನ್ನು ಅಲ್ಯೂಮಿನಿಯಂ ಪರೀಕ್ಷೆಗೂ ಕಳಿಸಿದೆವು. ಆ ತಾಯಿಗೆ ಹೋಗಿ ಹೇಳಿದ್ದು ಇಷ್ಟು: "ಅಮ್ಮ, ಚಿಕ್ಕವಳಿಗೆ ಸದ್ಯಕ್ಕೆ ಬೇರೆ ನೀರು ಕೊಡಿ. ಪಟಿಕ ಅಂದಾಜಿಗೆ ಹಾಕಬೇಡಿ, ಅಳತೆ ಬರೆದುಕೊಡುತ್ತೇವೆ. ಗಸಿ ಪೂರ್ತಿ ಕೂರುವವರೆಗೆ ಬಿಟ್ಟು ಬಟ್ಟೆಯಲ್ಲಿ ಸೋಸಿಡಿ. ಮುಂದಿನ ವಾರ ಇನ್ನೊಂದು ಬಾಟಲಿ ತೆಗೆದುಕೊಂಡು ಹೋಗುತ್ತೇನೆ."