ನಕ್ಷೆಯಿಂದ ವರದಿಗೆ: ಮೈಂಡ್ ಮ್ಯಾಪ್ ಎಲ್ಲಿ ನಿಲ್ಲಬೇಕು, ಔಟ್‌ಲೈನ್ ಎಲ್ಲಿ ಶುರುವಾಗಬೇಕು

ಈ ವರ್ಷ ದ್ವಿತೀಯ ಪಿಯು ವಿಜ್ಞಾನ ವಿಭಾಗದ ನಾಲ್ವರು ವಿದ್ಯಾರ್ಥಿನಿಯರು ಬಿದ್ರಿ ಕಲೆಯ ಬಗ್ಗೆ 40 ಪುಟಗಳ ಪ್ರಾಜೆಕ್ಟ್ ವರದಿ ಕೈಗೆತ್ತಿಕೊಂಡರು. ಕಂಪ್ಯೂಟರ್ ಲ್ಯಾಬಿಗೆ ಬರುವ ಹೊತ್ತಿಗೆ ಅವರ ಕೈಯಲ್ಲಿ ಮೂರು ಸಂದರ್ಶನಗಳ ಟಿಪ್ಪಣಿ, ಗ್ರಂಥಾಲಯದಿಂದ ಬರೆದುಕೊಂಡ ಹಾಳೆಗಳು, ಮೊಬೈಲಿನಲ್ಲಿ ನೂರಾರು ಫೋಟೋಗಳು ಇದ್ದವು. ವರದಿ ಸಲ್ಲಿಸಲು ಐದು ವಾರ ಉಳಿದಿತ್ತು. ಸಂದರ್ಶನ ಕೊಟ್ಟ ಹಿರಿಯ ಕುಶಲಕರ್ಮಿಯೊಬ್ಬರು ಕೆಲಸ ಬಿಟ್ಟು ಎರಡು ಮಧ್ಯಾಹ್ನ ಅವರಿಗಾಗಿ ಕೂತಿದ್ದರು. ವರದಿಯ ಒಂದು ಪ್ರತಿಯನ್ನು ಅವರಿಗೂ ಕೊಡುವುದಾಗಿ ಮಕ್ಕಳು ಮಾತು ಕೊಟ್ಟಿದ್ದರು. ಹಾಗಾಗಿ ಕೆಲಸದ ಹಂತಗಳನ್ನು ಹಿಂದುಮುಂದಾಗಿ ಬರೆದರೆ ಮೊದಲು ಗುರುತಿಸುವವರು ಅವರೇ.

"ಸರ್, ಯಾವ ಆ್ಯಪ್ ಒಳ್ಳೆಯದು?" ಎಂದು ಕೇಳಿದರು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ನಿಮಗೆ ಈಗ ಬೇಕಾಗಿರುವುದು ವಿಷಯವನ್ನು ಹರಡಿ ನೋಡುವ ಸಾಧನವೋ, ಸಾಲಾಗಿ ಜೋಡಿಸುವ ಸಾಧನವೋ? ಮೈಂಡ್ ಮ್ಯಾಪ್ ಹರಡುತ್ತದೆ. ನಡುವೆ ಶೀರ್ಷಿಕೆ, ಸುತ್ತ ಕೊಂಬೆಗಳು, ಕೊಂಬೆಗೆ ರೆಂಬೆಗಳು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಅದು ಕೇಳುವುದೇ ಇಲ್ಲ. ಔಟ್‌ಲೈನ್ ಅದನ್ನೇ ಕೇಳುತ್ತದೆ. ವರದಿ ಓದುವವರು ಒಂದನೇ ಪುಟದಿಂದ ನಲವತ್ತನೇ ಪುಟದವರೆಗೆ ಒಂದೇ ದಾರಿಯಲ್ಲಿ ಬರುವುದರಿಂದ ಕೊನೆಗೆ ಬೇಕಾಗುವುದು ಸಾಲೇ. ಆದರೆ ಎಲ್ಲವನ್ನೂ ಹರಡಿ ನೋಡದೆ ಸಾಲು ಕಟ್ಟಲು ಹೋದರೆ ಮೊದಲು ನೆನಪಾದದ್ದೇ ಮೊದಲ ಅಧ್ಯಾಯವಾಗಿಬಿಡುತ್ತದೆ.

ನಕ್ಷೆಗೆ ನಾವು ಬಳಸಿದ್ದು ಫ್ರೀಪ್ಲೇನ್. ಉಚಿತ ತಂತ್ರಾಂಶ, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ನಡೆಯುತ್ತದೆ, ಇಂಟರ್ನೆಟ್ ಬೇಡ. ನಮ್ಮ ಲ್ಯಾಬಿನ ನೆಟ್ ಇರುವ ಸ್ಥಿತಿಯಲ್ಲಿ ಈ ಕೊನೆಯ ಗುಣವೇ ದೊಡ್ಡದು. ಕಲಿಯಬೇಕಾದ ಕೀಲಿಗಳೂ ಕೆಲವೇ: Tab ಒತ್ತಿದರೆ ಒಳಗಿನ ರೆಂಬೆ, Enter ಒತ್ತಿದರೆ ಪಕ್ಕದ ರೆಂಬೆ, Space ಒತ್ತಿದರೆ ಕೊಂಬೆ ಮಡಚಿಕೊಳ್ಳುತ್ತದೆ ಅಥವಾ ಬಿಚ್ಚಿಕೊಳ್ಳುತ್ತದೆ. ಮೊಬೈಲಿನಲ್ಲಿ ಸಿಂಪಲ್‌ಮೈಂಡ್, ಎಕ್ಸ್‌ಮೈಂಡ್ ಮುಂತಾದವು ಸಿಗುತ್ತವೆ, ಬಸ್ಸಿನಲ್ಲಿ ಹೊಳೆದದ್ದನ್ನು ಗುರುತು ಹಾಕಿಕೊಳ್ಳಲು ಸಾಕು. ಆದರೆ ಅಂಗೈಯಗಲದ ಪರದೆಯಲ್ಲಿ ಇಡೀ ನಕ್ಷೆ ಒಮ್ಮೆಗೇ ಕಾಣುವುದಿಲ್ಲ, ಇಡೀ ನಕ್ಷೆ ಒಮ್ಮೆಗೇ ಕಾಣುವುದೇ ತಾನೆ ಇದರ ಪ್ರಯೋಜನ!

ಮೊದಲ ದಿನ ನಾನು ಇಟ್ಟ ನಿಯಮ ಒಂದೇ. ಒಂದು ಟಿಪ್ಪಣಿಗೆ ಒಂದು ರೆಂಬೆ, ನಾಲ್ಕೈದು ಪದ, ಕೊನೆಗೆ ಅದು ಎಲ್ಲಿಂದ ಬಂತು ಎಂಬ ಸಂಕೇತ. ಎರಡನೇ ಸಂದರ್ಶನದ ಏಳನೇ ಪುಟವಾದರೆ "ಸಂ2-7", ಪುಸ್ತಕವಾದರೆ "ಪು1-34". ಗುಂಪು ಮಾಡುವ ಹಾಗಿಲ್ಲ, ಬಣ್ಣ ಹಚ್ಚುವ ಹಾಗಂತೂ ಇಲ್ಲ. ಬಣ್ಣ ಮತ್ತು ಚಿತ್ರಗಳ ಮೆನು ಸಿಕ್ಕಿದರೆ ಒಂದು ಪೀರಿಯಡ್ ಹೇಗೆ ಕಳೆಯುತ್ತದೆ ಎಂಬುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಸಂಕೇತ ಮಾತ್ರ ಕಡ್ಡಾಯ, ಏಕೆಂದರೆ ಮೂರು ವಾರದ ನಂತರ "ಮಣ್ಣಿನ ಗುಣ" ಎಂದಷ್ಟೇ ಇರುವ ರೆಂಬೆಯನ್ನು ನೋಡಿ ಅದನ್ನು ಯಾರು ಹೇಳಿದರು ಎಂದು ಯಾರಿಗೂ ನೆನಪಿರುವುದಿಲ್ಲ.

ಎರಡನೇ ದಿನ ಗುಂಪು ಮಾಡಿದೆವು. ಇತಿಹಾಸ, ಲೋಹ, ತಯಾರಿಕೆ, ರಸಾಯನಶಾಸ್ತ್ರ, ಕುಶಲಕರ್ಮಿಗಳು, ಮಾರುಕಟ್ಟೆ ಎಂಬ ಆರು ಕೊಂಬೆಗಳು ಬಂದವು. ಏಳನೆಯದಾಗಿ "ಇತರೆ" ಎಂಬುದೂ ಹುಟ್ಟಿಕೊಂಡಿತು. "ಇತರೆ" ಕೊಂಬೆ ದಪ್ಪವಾಗುತ್ತಿದ್ದರೆ ಉಳಿದ ಕೊಂಬೆಗಳ ಹೆಸರು ಸರಿಯಿಲ್ಲ ಎಂದೇ ಅರ್ಥ. ಇವರದರಲ್ಲಿ ಹನ್ನೊಂದು ರೆಂಬೆಗಳಿದ್ದವು. ಅವುಗಳಲ್ಲಿ ಏಳು ಕಲಿಕೆಗೆ ಸೇರಿದವು: ಕೆಲಸ ಯಾರು ಕಲಿಸುತ್ತಾರೆ, ಎಷ್ಟನೇ ವಯಸ್ಸಿಗೆ ಕೂರಿಸುತ್ತಾರೆ, ಮಕ್ಕಳು ಈಗ ಯಾಕೆ ಬರುತ್ತಿಲ್ಲ ಎಂಬಂಥವು. ಅದಕ್ಕೊಂದು ಕೊಂಬೆ ಬೇಕಿತ್ತು, ಕೊಟ್ಟ ಮೇಲೆ "ಇತರೆ" ಒಣಗಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದ ಸಂಗತಿಯೂ "ಇತರೆ"ಯಲ್ಲೇ ಕೂತಿತ್ತು, ಅದು ಕುಶಲಕರ್ಮಿಗಳ ಕೊಂಬೆಗೆ ಹೋಯಿತು.

ಇಲ್ಲಿಯವರೆಗೆ ನಕ್ಷೆಯ ಕೆಲಸ ಚೆನ್ನಾಗಿಯೇ ನಡೆಯಿತು. ಅದರ ಮಿತಿ ಗೊತ್ತಾದದ್ದು ಎರಡು ಕಡೆ.

ಮೊದಲನೆಯದು ಕೋಟೆಯ ಮಣ್ಣು. ಬಿದ್ರಿ ಪಾತ್ರೆಗೆ ಕಡೆಯಲ್ಲಿ ಕಪ್ಪು ಬಣ್ಣ ಬರಿಸಲು ಬೀದರ್ ಕೋಟೆಯ ಹಳೆಯ ಕಟ್ಟಡಗಳ ಮಣ್ಣನ್ನು ನವಸಾಗರದ ಜೊತೆ ಬಳಸುತ್ತಾರೆ. ಹಾಗಾದರೆ ಮಣ್ಣು ಇತಿಹಾಸಕ್ಕೆ ಸೇರಿದ್ದೋ, ರಸಾಯನಶಾಸ್ತ್ರಕ್ಕೋ, ತಯಾರಿಕೆಗೋ? ಫ್ರೀಪ್ಲೇನ್‌ನಲ್ಲಿ ಒಂದು ರೆಂಬೆಯಿಂದ ಇನ್ನೊಂದಕ್ಕೆ ಬಾಣ ಎಳೆಯಬಹುದು, ಮಕ್ಕಳು ಮೂರು ಕಡೆಗೂ ಎಳೆದರು. ನೋಡಲು ಚಂದವಾಯಿತು, ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ವರದಿಯಲ್ಲಿ ಬಾಣ ಇರುವುದಿಲ್ಲ, ಮಣ್ಣಿನ ವಿವರ ಒಂದೇ ಕಡೆ ಪೂರ್ತಿ ಬರಬೇಕು, ಉಳಿದ ಕಡೆ "ಮುಂದೆ ನೋಡಲಿದ್ದೇವೆ" ಎಂಬ ಒಂದು ವಾಕ್ಯ ಸಾಕು. ಅಂದರೆ ನಕ್ಷೆಯಲ್ಲಿರುವ ಪ್ರತಿ ಬಾಣವೂ ಔಟ್‌ಲೈನ್‌ನಲ್ಲಿ ತೀರ್ಮಾನಿಸಬೇಕಾದ ಒಂದು ವ್ಯಾಜ್ಯ. ಬಾಣಗಳನ್ನು ಎಣಿಸಿದರೆ ಎಷ್ಟು ತೀರ್ಮಾನ ಬಾಕಿ ಇದೆ ಎಂದು ತಿಳಿಯುತ್ತದೆ. ಇವರ ನಕ್ಷೆಯಲ್ಲಿ ಒಂಬತ್ತಿದ್ದವು.

ಎರಡನೆಯದು ಇನ್ನೂ ಸೂಕ್ಷ್ಮ. ನಕ್ಷೆಯಲ್ಲಿ "ಕಪ್ಪಾಗಿಸುವುದು" ಎಂಬ ಒಂದೇ ರೆಂಬೆ ಇತ್ತು, ಅದರಡಿ ಮೈಲುತುತ್ತ, ಮಣ್ಣು, ನವಸಾಗರ, ಎಣ್ಣೆ ಎಲ್ಲವೂ ಒಟ್ಟಿಗೆ. ತಯಾರಿಕೆಯ ಕೊಂಬೆಯನ್ನು ಔಟ್‌ಲೈನ್‌ಗೆ ತಂದು ಒಂದರ ಕೆಳಗೊಂದು ಬರೆಯುವಾಗ ಒಬ್ಬ ಹುಡುಗಿ ತಡೆದಳು: "ಸರ್, ಬೆಳ್ಳಿ ಕೂರಿಸುವುದು ಇದಕ್ಕಿಂತ ಮೊದಲೋ, ಆಮೇಲೋ?" ಸಂದರ್ಶನದ ಹಾಳೆ ತೆಗೆದು ನೋಡಿದರು. ಕಪ್ಪು ಎರಡು ಸಲ ಬರುತ್ತದೆ. ಎರಕ ಹೊಯ್ದು ಅರದಿಂದ ಉಜ್ಜಿದ ಮೇಲೆ ಮೈಲುತುತ್ತದ ದ್ರಾವಣ ಹಚ್ಚುತ್ತಾರೆ. ಮಿಶ್ರಲೋಹದಲ್ಲಿ ಸತುವೇ ಹೆಚ್ಚು, ತಾಮ್ರ ಸ್ವಲ್ಪ. ಆ ಸತು ದ್ರಾವಣದಲ್ಲಿನ ತಾಮ್ರವನ್ನು ಹೊರತಳ್ಳಿ ಮೇಲ್ಮೈಯಲ್ಲಿ ಕಪ್ಪು ಲೇಪ ಕೂರಿಸುತ್ತದೆ. ನೀವು ಲ್ಯಾಬಿನಲ್ಲಿ ನೋಡಿದ ಸ್ಥಾನಪಲ್ಲಟ ಕ್ರಿಯೆಯೇ ಇದು. ಆ ಕಪ್ಪಿನ ಮೇಲೆ ಗೀರಿದ ರೇಖೆ ಸ್ಪಷ್ಟವಾಗಿ ಕಾಣುತ್ತದೆ, ಅಷ್ಟಕ್ಕೇ ಅದು. ಉಳಿಯಿಂದ ಕೊರೆದು ಬೆಳ್ಳಿ ಕೂರಿಸಿ ನಯಗೊಳಿಸುವಾಗ ಆ ಕಪ್ಪು ಹೋಗಿಬಿಡುತ್ತದೆ. ಮಣ್ಣು ಮತ್ತು ನವಸಾಗರದಿಂದ ಬರುವ ಕಾಯಂ ಕಪ್ಪು ಕೊನೆಯಲ್ಲಿ; ಅದು ಲೋಹವನ್ನು ಕಪ್ಪಾಗಿಸುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ನಕ್ಷೆಯಲ್ಲಿ ಒಂದೇ ಹೆಸರಿನಡಿ ಕೂತಿದ್ದ ಎರಡು ಹಂತಗಳು ಸಾಲಿಗೆ ಬಂದಾಗ ಮಾತ್ರ ಬೇರೆಯಾದವು. ನಕ್ಷೆ ಕಾಲವನ್ನು ತೋರಿಸುವುದಿಲ್ಲ. ಹಂತಗಳಿರುವ ಯಾವುದೇ ವಿಷಯಕ್ಕೆ, ಪ್ರಯೋಗವಾಗಲಿ ತಯಾರಿಕೆಯಾಗಲಿ, ಅದನ್ನೇ ನಂಬಬೇಡಿ.

ಇನ್ನು ನಕ್ಷೆಯಿಂದ ಔಟ್‌ಲೈನ್‌ಗೆ ದಾಟುವುದು ಹೇಗೆ? ಮತ್ತೆ ಟೈಪ್ ಮಾಡಬೇಕಿಲ್ಲ. ಫ್ರೀಪ್ಲೇನ್‌ನಲ್ಲಿ ಒಂದು ಕೊಂಬೆಯನ್ನು ಆಯ್ದು Ctrl+C ಒತ್ತಿ, ನೋಟ್‌ಪ್ಯಾಡ್‌ನಂಥ ಸರಳ ಎಡಿಟರ್‌ನಲ್ಲಿ Ctrl+V ಒತ್ತಿದರೆ ಮಟ್ಟಕ್ಕೆ ತಕ್ಕ ಅಂತರದೊಂದಿಗೆ ಸಾಲುಗಳು ಬರುತ್ತವೆ. ತಿದ್ದಿ ಜೋಡಿಸಿದ ಮೇಲೆ ತಯಾರಿಕೆಯ ಭಾಗ ಹೀಗಿತ್ತು:

```
ತಯಾರಿಕೆ (10 ಪುಟ)
	ಎರಕ ಮತ್ತು ಅರ ಸಂ1-3
	ಮೊದಲ ಕಪ್ಪು: ಮೈಲುತುತ್ತ ಸಂ2-5
	ರೇಖೆ ಮತ್ತು ಉಳಿ ಕೆಲಸ ಸಂ2-6
	ಬೆಳ್ಳಿ ಕೂರಿಸುವುದು ಸಂ1-4
	ನಯಗೊಳಿಸುವುದು ಸಂ1-5
	ಕೊನೆಯ ಕಪ್ಪು: ಮಣ್ಣು, ನವಸಾಗರ ಸಂ2-7
	ಎಣ್ಣೆ ಸಂ2-8
```

ಅಂತರ ಬಿಟ್ಟ ಇಂಥ ಪಠ್ಯವನ್ನು ತಿರುಗಿ ಫ್ರೀಪ್ಲೇನ್‌ನಲ್ಲಿ ಅಂಟಿಸಿದರೆ ಮತ್ತೆ ಕೊಂಬೆಗಳಾಗುತ್ತವೆ. ಆದರೂ ಹಾಗೆ ಹಿಂದೆಮುಂದೆ ಓಡಾಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಔಟ್‌ಲೈನ್ ಶುರುವಾದ ದಿನ ನಕ್ಷೆಯನ್ನು ಮುದ್ರಿಸಿ ಗೋಡೆಗೆ ಅಂಟಿಸಿ, ಕಡತವನ್ನು ಮುಚ್ಚಿ. ಎರಡನ್ನೂ ತಿದ್ದುತ್ತಾ ಹೋದರೆ ವಾರದೊಳಗೆ ಎರಡೂ ಬೇರೆ ಬೇರೆ ವರದಿಗಳಾಗುತ್ತವೆ. ಪುಟಗಳ ಸಂಖ್ಯೆಯನ್ನು ಶೀರ್ಷಿಕೆಯ ಪಕ್ಕದಲ್ಲೇ ಬರೆಸಿದ್ದೂ ಉಪಯೋಗಕ್ಕೆ ಬಂತು: ಕೂಡಿಸಿದಾಗ 61 ಬಂದಿತ್ತು, ಇತಿಹಾಸವೊಂದಕ್ಕೇ 18 ಕೊಟ್ಟಿದ್ದರು. ಬರೆದ ಮೇಲೆ ಕತ್ತರಿಸುವುದಕ್ಕಿಂತ ಬರೆಯುವ ಮೊದಲು ಕತ್ತರಿಸುವುದು ಕಡಿಮೆ ನೋವಿನ ಕೆಲಸ.

ಮುಂದಿನದು ಲಿಬ್ರೆಆಫೀಸ್ ರೈಟರ್‌ನಲ್ಲಿ. ಔಟ್‌ಲೈನ್ ಸಾಲುಗಳನ್ನು ಅಲ್ಲಿ ಅಂಟಿಸಿ, ಮುಂದಿರುವ ಅಂತರ ಅಳಿಸಿ, ಅಧ್ಯಾಯದ ಸಾಲಿಗೆ Ctrl+1, ಉಪಶೀರ್ಷಿಕೆಗೆ Ctrl+2 ಒತ್ತಿದರೆ ಅವು Heading 1, Heading 2 ಆಗುತ್ತವೆ. ಅಕ್ಷರವನ್ನು ದೊಡ್ಡದು, ದಪ್ಪ ಮಾಡಿದರೆ ಶೀರ್ಷಿಕೆಯಂತೆ ಕಾಣುತ್ತದೆ ನಿಜ, ಆದರೆ ತಂತ್ರಾಂಶಕ್ಕೆ ಅದು ಶೀರ್ಷಿಕೆ ಎಂದು ಗೊತ್ತಿರುವುದಿಲ್ಲ. ಪರೀಕ್ಷಿಸಲು F5 ಒತ್ತಿ. ತೆರೆಯುವ Navigator ಕಿಟಕಿಯಲ್ಲಿ Headings ಅಡಿ ನಿಮ್ಮ ಸಾಲು ಕಾಣದಿದ್ದರೆ ಅದು ಬರೀ ದಪ್ಪ ಅಕ್ಷರ. ಕಂಡರೆ, ಆ ಪಟ್ಟಿಯಲ್ಲೇ ಶೀರ್ಷಿಕೆಯನ್ನು ಎಳೆದು ಮೇಲೆ ಕೆಳಗೆ ಇಡಬಹುದು. ಅದರಡಿ ಬರೆದ ಪುಟಗಳೆಲ್ಲ ಜೊತೆಗೇ ಸರಿಯುತ್ತವೆ. ಈ ಮಕ್ಕಳು ಮೂರನೇ ವಾರದಲ್ಲಿ ರಸಾಯನಶಾಸ್ತ್ರದ ಅಧ್ಯಾಯವನ್ನು ತಯಾರಿಕೆಯ ನಂತರಕ್ಕೆ ಹೀಗೆಯೇ ಸರಿಸಿದರು, ಮಣ್ಣಿನ ವಿವರ ಅಲ್ಲಿ ನೆಲೆಸಿತು. ವಿಷಯಸೂಚಿಯೂ ಇವೇ ಶೀರ್ಷಿಕೆಗಳಿಂದ ತಾನಾಗಿ ಆಗುತ್ತದೆ. ವರ್ಡ್ ಬಳಸುವವರು Ctrl+Alt+1 ಒತ್ತಿ, View ಮೆನುವಿನಲ್ಲಿ Navigation Pane ತೆರೆದರೆ ಇದೇ ಅನುಕೂಲ.

ಗುಂಪಿನಲ್ಲಿ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ಫ್ರೀಪ್ಲೇನ್ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಹಂಚಿಕೊಂಡು ಇಬ್ಬರು ಬೇರೆ ಬೇರೆ ತಿದ್ದಿದರೆ ಕೊನೆಗೆ ನಕಲು ಮಾಡಿದವರದ್ದೇ ಉಳಿಯುತ್ತದೆ. ಟೈಪ್ ಮಾಡುವವರು ಒಬ್ಬರೇ ಇರಲಿ, ಉಳಿದವರು ಹೇಳಲಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಟಿಪ್ಪಣಿಗಳನ್ನು ಈ ಆ್ಯಪ್‌ಗಳಲ್ಲಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಪಿಡಿಎಫ್ ಮಾಡುವ ಮುನ್ನ "ಶಾಸ್ತ್ರ", "ಸೂಕ್ಷ್ಮ", "ಅರ್ಧ" ಎಂಬ ಮೂರು ಪದಗಳ ಸಣ್ಣ ನಕ್ಷೆ ಮಾಡಿ ಅದನ್ನು ಪಿಡಿಎಫ್ ಆಗಿಸಿ ನೋಡಿ. ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕಕ್ಕೆ ಬಿದ್ದರೆ, ಅರ್ಕಾವತ್ತು ಜಾಗ ತಪ್ಪಿದರೆ, ಆ ಆ್ಯಪ್‌ನ ಪಿಡಿಎಫ್ ಬಿಟ್ಟು ಪರದೆಯ ಚಿತ್ರವನ್ನೇ ತೆಗೆದು ಅಂಟಿಸಿ.

ಸಂಕೇತಗಳನ್ನು ಕೊನೆಯವರೆಗೂ ಅಳಿಸಬೇಡಿ. ಕರಡು ಮುಗಿದ ಮೇಲೆ Ctrl+F ಒತ್ತಿ "ಸಂ2" ಹುಡುಕಿ, ಒಂದೊಂದನ್ನೂ ಮೂಲ ಹಾಳೆಯೊಂದಿಗೆ ತಾಳೆ ನೋಡಿ, ಅಡಿಟಿಪ್ಪಣಿಯಾಗಿ ಬದಲಿಸಿ. ನಾಲ್ವರಿಗೂ ಸೇರಿ ಅದಕ್ಕೆ ಒಂದು ಸಂಜೆ ಹಿಡಿಯಿತು. ಆಮೇಲೆ ತಯಾರಿಕೆಯ ಹತ್ತು ಪುಟಗಳನ್ನು ಆ ಹಿರಿಯರಿಗೆ ಓದಿ ಹೇಳಿದರು. ಅವರು ತಿದ್ದಿದ್ದು ಒಂದು ಉಳಿಯ ಹೆಸರನ್ನು ಮಾತ್ರ.